ಎದುರು ಅಂಗಡಿ ಕೊಳ್ಳೋದಾ, ಘಟ್ಟದಾಚೆಯದ್ದಾ? ಗಿರಾಕಿ ಲೆಕ್ಕ ಹಾಕಿ ನೋಡಿದ್ದು

ಮೂಡಿಗೆರೆಯಲ್ಲಿ ನಮ್ಮದು ಗೊಬ್ಬರ, ಔಷಧಿ ಅಂಗಡಿ. ಈ ವರ್ಷ ಎರಡು ಅಂಗಡಿ ಮಾರಾಟಕ್ಕಿವೆ ಅಂತ ಸುದ್ದಿ ಬಂತು. ಒಂದು ಇದೇ ಪೇಟೆಯಲ್ಲಿ, ನಮ್ಮಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ಮಾಲೀಕರಿಗೆ ವಯಸ್ಸಾಗಿದೆ, ಮಕ್ಕಳು ಬೆಂಗಳೂರಲ್ಲಿ. ಇನ್ನೊಂದು ಕೊಟ್ಟಿಗೆಹಾರ ದಾಟಿ ಕಳಸದ ಕಡೆ, ಅಡಿಕೆ ತೋಟಗಳ ನಡುವೆ. ನನ್ನ ಹಾಗೇ ಸಣ್ಣ ಊರಿನಲ್ಲಿ ಅಂಗಡಿ ಇಟ್ಟುಕೊಂಡು, ಪೈಪೋಟಿಯವರದ್ದನ್ನು ಕೊಂಡುಬಿಡೋಣ ಅಂತ ಯೋಚನೆ ಮಾಡ್ತಾ ಇರುವವರಿಗೆ ಉಪಯೋಗ ಆಗಬಹುದು ಅಂತ ನಾನು ಲೆಕ್ಕ ಹಾಕಿದ ರೀತಿ ಇಲ್ಲಿ ಬರೆದಿದ್ದೇನೆ. ಅಂಕಿಗಳನ್ನು ದುಂಡು ಮಾಡಿದ್ದೇನೆ, ಅಂಗಡಿಗಳ ಹೆಸರು ಬೇಡ.

ಮೊದಲ ನೋಟಕ್ಕೆ ಎದುರು ಅಂಗಡಿಯೇ ಸರಿ ಅನ್ನಿಸುತ್ತೆ. ಅದೇ ಊರು, ಅದೇ ಮಾಲು, ಅದೇ ಕಾಫಿ ಬೆಳೆಗಾರರು, ಗೋಡೌನಿಗೆ ನಡೆದು ಹೋಗಬಹುದು. ಕಳಸದ್ದು ತಲೆನೋವು ಅನ್ನಿಸುತ್ತೆ. ಕೂಡಿಸಿ ಕಳೆದು ನೋಡಿದ ಮೇಲೆ ಗೊತ್ತಾಗಿದ್ದು, ಎದುರು ಅಂಗಡಿಯಲ್ಲಿ ನಾನು ದುಡ್ಡು ಕೊಟ್ಟು ಕೊಳ್ಳುವ ವ್ಯಾಪಾರದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಈಗಾಗಲೇ ನನ್ನ ಗಿರಾಕಿಗಳದ್ದೇ. ಕಳಸದ್ದರಲ್ಲಿ ಗಿರಾಕಿಗಳು ಹೊಸಬರು ನಿಜ, ಆದರೆ ಅವರು ಅಂಗಡಿಗೆ ಸೇರಿದವರಲ್ಲ, ಕೌಂಟರಲ್ಲಿ ನಿಂತಿರುವ ಒಬ್ಬ ಮನುಷ್ಯನಿಗೆ ಸೇರಿದವರು.

ಪುಸ್ತಕ ತೋರಿಸದೇ ಲೆಕ್ಕ ಹೇಗೆ

ಪೈಪೋಟಿಯವನಿಗೆ ಗಿರಾಕಿ ಪುಸ್ತಕ ಯಾರೂ ತೋರಿಸಲ್ಲ, ತೋರಿಸಲೂಬಾರದು. ವ್ಯಾಪಾರ ಮುರಿದುಬಿದ್ದರೆ ಪಟ್ಟಿ ನನ್ನ ಕೈಲಿ ಉಳಿಯುತ್ತಲ್ಲ. ಹಾಗಾಗಿ ಇಬ್ಬರಿಗೂ ನಂಬಿಕೆ ಇರುವ ಒಬ್ಬ ಆಡಿಟರ್ ಹತ್ತಿರ ಇಬ್ಬರೂ ಪಟ್ಟಿ ಕೊಟ್ಟೆವು. ಹೆಸರು, ಊರು, ತೋಟದ ಹೆಸರು, ಫೋನ್ ನಂಬರು, ವರ್ಷದ ಖರೀದಿ, ಅದರಲ್ಲಿ ಗೊಬ್ಬರ ಎಷ್ಟು, ಔಷಧಿ ಎಷ್ಟು, ಡಿಸೆಂಬರಿನಲ್ಲಿ ಬಾಕಿ ಎಷ್ಟು, ಅಷ್ಟೇ. ಅವರು ಹೊಂದಿಸಿ ನೋಡಿ ಸಂಖ್ಯೆ ಮಾತ್ರ ಹೇಳಿದರು, ಹೆಸರು ಹೇಳಲಿಲ್ಲ.

ಹೊಂದಿಸೋದು ಎಕ್ಸೆಲ್ಲಿನಲ್ಲಿ ಒಂದು ಸಾಲಿನ ಕೆಲಸ. ಎರಡೂ ಕಡೆ ನಂಬರನ್ನು ಹತ್ತು ಅಂಕಿಗೆ ಸರಿಮಾಡಿ, ಒಬ್ಬೊಬ್ಬರದ್ದನ್ನು ಒಂದೊಂದು ಶೀಟಿನ A ಕಾಲಮ್ಮಿನಲ್ಲಿಟ್ಟು, ಮೊದಲ ಶೀಟಿನಲ್ಲಿ ಇದನ್ನು ಹಾಕಿದರೆ ಸಾಕು, ಸೊನ್ನೆಗಿಂತ ಜಾಸ್ತಿ ಬಂದರೆ ಆ ನಂಬರು ಎರಡೂ ಕಡೆ ಇದೆ:

```
=COUNTIF(Sheet2!A:A,A2)
```

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮೋಸ ಹೋಗ್ತೀರಿ. ನಮ್ಮ ಕಡೆ ಒಂದೇ ತೋಟದ ಲೆಕ್ಕ ಮೂರು ಹೆಸರಲ್ಲಿ ಇರುತ್ತೆ. ನಮ್ಮಲ್ಲಿ ಅಪ್ಪನ ಹೆಸರು, ಅಲ್ಲಿ ಮಗನ ಹೆಸರು, ಇನ್ನೊಂದು ಕಡೆ ತೋಟದ ಹೆಸರು. ದೊಡ್ಡ ತೋಟ ಆದರೆ ಖರೀದಿಗೆ ಬರೋದು ತೋಟದ ಲೆಕ್ಕ ನೋಡೋ ರೈಟ್ರು, ನಂಬರು ಅವರದ್ದು, ಅವರು ಕೆಲಸ ಬಿಟ್ಟರೆ ನಂಬರೂ ಬದಲಾಯಿತು. ನಂಬರು ಮಾತ್ರ ಹೊಂದಿಸಿದಾಗ ಎದುರು ಅಂಗಡಿಯ 420 ಖಾತೆಗಳಲ್ಲಿ 118 ಮಾತ್ರ ನಮ್ಮಲ್ಲೂ ಇದ್ದವು. ಅಷ್ಟೇನಾ, ಪರವಾಗಿಲ್ಲ ಅಂದುಕೊಂಡೆ. ಆಮೇಲೆ ಆಡಿಟರ್ ಊರು, ತೋಟದ ಹೆಸರು ಹಿಡಿದು ಮನೆವಾರು ಒಟ್ಟುಗೂಡಿಸಿದಾಗ 420 ಖಾತೆ 310 ಮನೆ ಆಯಿತು, ಅದರಲ್ಲಿ 190 ಮನೆ ನಮ್ಮಲ್ಲೂ ಇದ್ದವು. ನೂರಕ್ಕೆ 61. ದುಡ್ಡಿನಲ್ಲಿ ನೋಡಿದರೆ ಇನ್ನೂ ಜಾಸ್ತಿ: ಅವರ ವರ್ಷದ ಒಂದೂವರೆ ಕೋಟಿ ವ್ಯಾಪಾರದಲ್ಲಿ 1 ಕೋಟಿ 8 ಲಕ್ಷ ಆ 190 ಮನೆಯಿಂದಲೇ. ಪೂರ್ತಿ ಹೊಸ ಮನೆಗಳದ್ದು 42 ಲಕ್ಷ.

ಇದು ಆಕಸ್ಮಿಕ ಅಲ್ಲ. ದೊಡ್ಡ ಬೆಳೆಗಾರರೇ ಎರಡು ಅಂಗಡಿ ಇಟ್ಟುಕೊಳ್ಳೋದು. ಎರಡೆಕರೆಯವರು ಒಂದೇ ಕಡೆ ಹೋಗ್ತಾರೆ. ಹಾಗಾಗಿ ತಲೆ ಎಣಿಸಿದರೆ ಕಡಿಮೆ ಕಾಣುತ್ತೆ, ದುಡ್ಡು ಎಣಿಸಿದರೆ ಜಾಸ್ತಿ ಕಾಣುತ್ತೆ. ಯಾವಾಗಲೂ ದುಡ್ಡನ್ನೇ ನೋಡಿ.

ಎರಡೂ ಕಡೆ ಕೊಳ್ಳುವವರೆಲ್ಲ ಒಂದೇ ಥರದವರಲ್ಲ

ಇಲ್ಲೇ ನಾನು ಜಾಸ್ತಿ ಹೊತ್ತು ಕೂತಿದ್ದು. ಎರಡು ಅಂಗಡಿ ಒಂದಾದಾಗ 1 ಕೋಟಿ 8 ಲಕ್ಷ ಪೂರ್ತಿ ನನ್ನ ಕಡೆ ಬರುತ್ತೆ ಅಂತ ಮಾರುವವರು ಹೇಳ್ತಾರೆ. ಬರಲ್ಲ. ಒಬ್ಬ ಮನುಷ್ಯ ಎರಡು ಅಂಗಡಿಗೆ ಯಾಕೆ ಹೋಗ್ತಾನೆ ಅನ್ನೋದರ ಮೇಲೆ ನಿಂತಿದೆ ಅದು.

ಕೆಲವರು ಮಾಲು ಹಂಚಿಕೊಂಡಿರುತ್ತಾರೆ. ಗೊಬ್ಬರ ನಮ್ಮಲ್ಲಿ, ಮೈಲುತುತ್ತ, ಔಷಧಿ ಅಲ್ಲಿ. ಅಲ್ಲಿಯವರಿಗೆ ಕಾಂಡಕೊರಕದ ಔಷಧಿ ವಿಷಯ ಚೆನ್ನಾಗಿ ಗೊತ್ತು ಅನ್ನೋ ನಂಬಿಕೆ. ಆ ನಂಬಿಕೆಯ ಮನುಷ್ಯ ಜೊತೆಗೆ ಬಂದರೆ ಇವರು ಉಳಿಯುತ್ತಾರೆ. ಆಡಿಟರ್ ಗೊಬ್ಬರ, ಔಷಧಿ ಬೇರೆ ಮಾಡಿ ನೋಡಿದ್ದರಿಂದ ಇಂಥವರ ವ್ಯಾಪಾರ 38 ಲಕ್ಷ ಅಂತ ಸಿಕ್ಕಿತು.

ಕೆಲವರು ದರ ಕೇಳಲು ಎರಡು ಕಡೆ ಹೋಗುವವರು. ಯೂರಿಯಾಕ್ಕೆ ಸರ್ಕಾರದ್ದೇ ಬೆಲೆ, 45 ಕೆ.ಜಿ. ಚೀಲಕ್ಕೆ 266 ರೂಪಾಯಿ 50 ಪೈಸೆ, ಅದರಲ್ಲಿ ಚೌಕಾಸಿ ಇಲ್ಲ. ಚೌಕಾಸಿ ನಡೆಯೋದು ಔಷಧಿ, ಮೈಕ್ರೋನ್ಯೂಟ್ರಿಯೆಂಟ್, ಸಾಗಣೆಯಲ್ಲಿ. ಇವರಿಗೆ ದರ ಕೇಳೋಕೆ ಎರಡನೇ ಅಂಗಡಿ ಬೇಕೇ ಬೇಕು. ಒಂದಾಯಿತು ಅಂದರೆ ಮೂರನೇದಕ್ಕೆ ಹೋಗ್ತಾರೆ. 30 ಲಕ್ಷ.

ಇನ್ನು ಮೂರನೆಯವರು ಎರಡು ಉದ್ರಿಯವರು. ಇವರ ಬಗ್ಗೆ ಯಾರೂ ಹೇಳಲ್ಲ. ನಾನು ಒಂದು ಮನೆಗೆ ಒಂದು ಲಕ್ಷದವರೆಗೆ ಉದ್ರಿ ಬಿಡ್ತೀನಿ, ಅವರೂ ಒಂದು ಲಕ್ಷ ಬಿಡ್ತಾರೆ. ಬೆಳೆಗಾರನಿಗೆ ಎರಡು ಲಕ್ಷದ ಸಾಲ ಸಿಕ್ಕಿತು. ಅಂಗಡಿ ಒಂದಾದರೆ ನಾನು ಅದೇ ಮನೆಗೆ ಎರಡು ಲಕ್ಷ ಬಿಡ್ತೀನಾ? ಇಲ್ಲ. ಒಂದೂವರೆಗೆ ನಿಲ್ಲಿಸ್ತೀನಿ. ಆಗ ಅವನು ಉಳಿದದ್ದಕ್ಕೆ ಬೇರೆ ಅಂಗಡಿ ಹುಡುಕುತ್ತಾನೆ, ಹುಡುಕಿದ ಮೇಲೆ ಪೂರ್ತಿ ಅಲ್ಲಿಗೇ ಹೋದರೂ ಹೋದನೇ. ಉಳಿದವನು ಇನ್ನೂ ಕಷ್ಟ, ಯಾಕಂದರೆ ಅಲ್ಲಿವರೆಗೆ ಇಬ್ಬರ ಮೇಲೆ ಹಂಚಿದ್ದ ಬಾಕಿ ಈಗ ನನ್ನೊಬ್ಬನ ತಲೆ ಮೇಲೆ. ಕಾಫಿ ದರ ಬಿದ್ದ ವರ್ಷ ಒಂದೇ ಮನೆ ಕೈ ಎತ್ತಿದರೆ ಮೊದಲಿನ ಒಂದೂವರೆಯಷ್ಟು ಹೋಗುತ್ತೆ. ಎರಡೂ ಪುಸ್ತಕದಲ್ಲಿ ಡಿಸೆಂಬರಿನಲ್ಲಿ ಬಾಕಿ ಇದ್ದ ಮನೆಗಳನ್ನು ಎಣಿಸಿದಾಗ ಇವರ ವ್ಯಾಪಾರ 40 ಲಕ್ಷ.

ಇನ್ನು ಎಷ್ಟು ಉಳಿಯುತ್ತೆ ಅಂತ ಅಂದಾಜು. ಇದು ಅಂದಾಜೇ, ನಮ್ಮ ಅಂಗಡಿಯ ಹಳೇ ಹುಡುಗರಿಬ್ಬರನ್ನು ಕೂರಿಸಿಕೊಂಡು, ಯಾವ ಥರದ ಗಿರಾಕಿ ಏನು ಮಾಡ್ತಾರೆ ಅಂತ ಒಂದೊಂದೇ ಕೇಳಿ ಹಾಕಿದ್ದು. ಮಾಲು ಹಂಚಿದವರಲ್ಲಿ ನೂರಕ್ಕೆ 90, ದರ ಕೇಳುವವರಲ್ಲಿ 50, ಎರಡು ಉದ್ರಿಯವರಲ್ಲಿ 40, ಹೊಸ ಮನೆಗಳಲ್ಲಿ 80. ಎಲ್ಲ ಸೇರಿಸಿದರೆ ಒಂದೂವರೆ ಕೋಟಿಯಲ್ಲಿ ಉಳಿಯೋದು ಸುಮಾರು 99 ಲಕ್ಷ.

ಗೊಬ್ಬರ, ಔಷಧಿ ಎಲ್ಲ ಸೇರಿ ಸರಾಸರಿ ನೂರಕ್ಕೆ 8 ಉಳಿತಾಯ ಹಿಡಿಯಿರಿ. ಮಾರುವವರ ಲೆಕ್ಕ ಹೀಗಿತ್ತು: ಒಂದೂವರೆ ಕೋಟಿಗೆ 12 ಲಕ್ಷ, ಬಾಡಿಗೆ, ಇಬ್ಬರ ಸಂಬಳ ಸೇರಿ ಖರ್ಚು 5 ಲಕ್ಷ 40 ಸಾವಿರ, ಉಳಿಯೋದು 6 ಲಕ್ಷ 60 ಸಾವಿರ, ಮೂರು ವರ್ಷದ್ದು ಗುಡ್‌ವಿಲ್ ಅಂತ, ಅಂದರೆ ಅಂಗಡಿಯ ಹೆಸರಿಗೆ, ಗಿರಾಕಿಗಳಿಗೆ ಅಂತ, 20 ಲಕ್ಷ ಕೊಡಿ. ನನ್ನ ಲೆಕ್ಕದಲ್ಲಿ 99 ಲಕ್ಷಕ್ಕೆ 7 ಲಕ್ಷ 90 ಸಾವಿರ, ಅದೇ ಖರ್ಚು ಕಳೆದರೆ ಎರಡೂವರೆ ಲಕ್ಷ. ಅದೇ 20 ಲಕ್ಷ ತೀರೋದಕ್ಕೆ ಎಂಟು ವರ್ಷ.

ಇನ್ನೊಂದು ಪ್ರಶ್ನೆ ಬಾಕಿ ಇದೆ, ಕೇಳೋಕೆ ಸ್ವಲ್ಪ ಮುಜುಗರ. ಅವರು ಯಾರಿಗೂ ಮಾರದೇ ಸುಮ್ನೆ ಬಾಗಿಲು ಹಾಕಿದರೆ ನನಗೆ ಎಷ್ಟು ತಾನಾಗೇ ಬರುತ್ತೆ? ಎರಡೂ ಕಡೆ ಕೊಳ್ಳುವವರಿಗೆ ನಮ್ಮ ಅಂಗಡಿ ಗೊತ್ತೇ ಇದೆ. ಅವರಿಂದ ನನಗೆ ಉಳಿಯುವ 65 ಲಕ್ಷದಲ್ಲಿ ಅರ್ಧವಾದರೂ ದುಡ್ಡು ಕೊಡದೇ ಬರುತ್ತೆ. ಅದನ್ನು 99ರಲ್ಲಿ ಕಳೆದರೆ ನಾನು ನಿಜವಾಗಿ ಕೊಳ್ತಾ ಇರೋದು ಸುಮಾರು 67 ಲಕ್ಷದ ವ್ಯಾಪಾರ. ಅದಕ್ಕೆ ಸಿಗೋದು 5 ಲಕ್ಷ 30 ಸಾವಿರ ಚಿಲ್ಲರೆ, ಆ ಅಂಗಡಿ ನಡೆಸೋ ಖರ್ಚು 5 ಲಕ್ಷ 40 ಸಾವಿರ. ಅಂದರೆ ಆ ಬಾಗಿಲು ತೆರೆದಿಟ್ಟು ನಡೆಸೋದರಲ್ಲಿ ಅರ್ಥವೇ ಇಲ್ಲ.

ಹಾಗಂತ ಬಿಟ್ಟುಬಿಡಿ ಅಂತಲೂ ಅಲ್ಲ. ಹೊರಗಿನವರು ಯಾರೋ ಬಂದು ಅದನ್ನೇ ಕೊಂಡರೆ ಆ ತಾನಾಗೇ ಬರೋ ದುಡ್ಡೂ ಬರಲ್ಲ. ಆ ಅಂಗಡಿ ಕೊಂಡು ಮುಚ್ಚಿ, ಔಷಧಿ ಗೊತ್ತಿರುವ ಒಬ್ಬ ಹುಡುಗನನ್ನು ನಮ್ಮಲ್ಲಿಗೆ ಕರೆದುಕೊಂಡರೆ 67ರಲ್ಲಿ 55 ಲಕ್ಷ ಉಳಿದರೂ 4 ಲಕ್ಷ 40 ಸಾವಿರ, ಅವನ ಸಂಬಳ 1 ಲಕ್ಷ 80 ಸಾವಿರ ಕಳೆದರೆ ವರ್ಷಕ್ಕೆ 2 ಲಕ್ಷ 60 ಸಾವಿರ. ಅದಕ್ಕೆ ಐದಾರು ಲಕ್ಷ ಗುಡ್‌ವಿಲ್ ಕೊಡಬಹುದು. ಇಪ್ಪತ್ತು ಕೊಡಕ್ಕಾಗಲ್ಲ.

ಕಳಸದ ಕಡೆಯದ್ದು: ಗಿರಾಕಿ ಹೊಸಬರು, ಉಳಿದದ್ದೆಲ್ಲವೂ ಹೊಸತೇ

ಅಲ್ಲಿ 220 ಮನೆ, ವರ್ಷಕ್ಕೆ 90 ಲಕ್ಷ ವ್ಯಾಪಾರ. ನಮ್ಮಲ್ಲೂ ಇರುವ ಮನೆ ಒಂಬತ್ತು ಮಾತ್ರ, ಎರಡೂ ಕಡೆ ತೋಟ ಇರುವವರು. ಔಷಧಿ ಪಾಲು ಜಾಸ್ತಿ ಇರೋದರಿಂದ ಉಳಿತಾಯ ನೂರಕ್ಕೆ 10, ಅಂದರೆ 9 ಲಕ್ಷ. ಖರ್ಚು 4 ಲಕ್ಷ 60 ಸಾವಿರ. ಉಳಿಯೋದು 4 ಲಕ್ಷ 40 ಸಾವಿರ, ಕೇಳ್ತಾ ಇರೋದು 9 ಲಕ್ಷ. ಕಾಗದದ ಮೇಲೆ ಎದುರು ಅಂಗಡಿಗಿಂತ ಎಷ್ಟೋ ವಾಸಿ.

ನನಗೆ ಭಯ ಇರೋದು ಜೋಡಿಸೋದರಲ್ಲಿ. ಮೊದಲು ಮಾಲು. ನಮ್ಮದು ಕಾಫಿ, ಮೆಣಸು. ಅಲ್ಲಿ ಅಡಿಕೆ, ಅಂದರೆ ಕೊಳೆರೋಗ, ಅಂದರೆ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮಳೆ ಹಿಡಿಯೋ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ನಾವೂ ಕಾಫಿಗೆ ಬೋರ್ಡೋ ಮಾರ್ತೀವಿ, ಆದರೆ ಅಲ್ಲಿ ಮೇ ತಿಂಗಳಲ್ಲಿ ಮೈಲುತುತ್ತ ಇಲ್ಲ ಅಂದರೆ ಆ ವರ್ಷದ ಗಿರಾಕಿಯೇ ಇಲ್ಲ. ಜುಲೈಯಲ್ಲಿ ಘಟ್ಟದ ರಸ್ತೆಯಲ್ಲಿ ಮರ ಬಿದ್ದು ಲಾರಿ ನಿಂತರೆ ಎರಡನೇ ಸಲದ ಮಾಲು ಮೂಡಿಗೆರೆ ಗೋಡೌನಲ್ಲೇ ಕೂತಿರುತ್ತೆ. ಅಂದರೆ ಒಂದೇ ಗೋಡೌನಿಂದ ಎರಡೂ ಅಂಗಡಿಗೆ ಸರಬರಾಜು ಮಾಡಿ ಖರ್ಚು ಉಳಿಸ್ತೀನಿ ಅನ್ನೋ ಲೆಕ್ಕವನ್ನು ಮೊದಲೇ ಹೊಡೆದುಹಾಕಬೇಕು.

ಆಮೇಲೆ ಉದ್ರಿಯ ಕಾಲ. ಕಾಫಿಯವರು ಕುಯ್ಲು ಮುಗಿಸಿ ಮಾರಿದ ಮೇಲೆ, ಫೆಬ್ರವರಿಯಿಂದ ಏಪ್ರಿಲ್ ಒಳಗೆ ಬಹುತೇಕ ತೀರಿಸ್ತಾರೆ. ಅಡಿಕೆಯವರು ಚೀಲ ಅಟ್ಟದ ಮೇಲಿಟ್ಟು ದರ ನೋಡಿ ಮಾರುವವರು, ಬಾಕಿಯೂ ಹಾಗೇ ಬಿಡಿಬಿಡಿಯಾಗಿ ಬರುತ್ತೆ. ನಾನು ಮೂಡಿಗೆರೆ ನಿಯಮ ಹಿಡಿದು ಮಾರ್ಚಲ್ಲಿ ಫೋನ್ ಮಾಡಿ ಕೇಳಿದರೆ ಗಿರಾಕಿ ಮುಖ ತಿರುಗಿಸ್ತಾನೆ. ಈ ತಪ್ಪು ನಾನು ಒಂದು ಸಲ ಮಾಡಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಸಣ್ಣ ಔಷಧಿ ಅಂಗಡಿ ತಗೊಂಡು, ಮೊದಲ ತಿಂಗಳೇ ಚೀಟಿ ಉದ್ರಿ ನಿಲ್ಲಿಸಿ ಎಲ್ಲ ಕಂಪ್ಯೂಟರ್ ಬಿಲ್, ಮೂವತ್ತು ದಿನದ ಗಡುವು ಅಂತ ಬೋರ್ಡ್ ಹಾಕಿದೆ. ಜನ ಜಗಳ ಆಡಲಿಲ್ಲ. ಬರೋದು ನಿಲ್ಲಿಸಿದರು ಅಷ್ಟೇ.

ಕೊನೆಗೆ ಆ ಮನುಷ್ಯ. ಮಾಲೀಕರು ವಾರಕ್ಕೊಂದು ಸಲ ಬರುವವರು. ಹದಿನಾಲ್ಕು ವರ್ಷದಿಂದ ಕೌಂಟರ್ ನೋಡಿಕೊಂಡಿರೋದು ಒಬ್ಬರೇ. ಗಿರಾಕಿ ಎಲೆ ತಂದು ತೋರಿಸೋದು ಅವರಿಗೆ. ಯಾರಿಗೆ ಎಷ್ಟು ಬಾಕಿ ಬಿಡಬಹುದು ಅನ್ನೋದು ಅವರ ತಲೆಯಲ್ಲಿದೆ, ಪುಸ್ತಕದಲ್ಲಿ ಅರ್ಧ ಮಾತ್ರ. ಅವರು ಹೋಗಿ ಪಕ್ಕದಲ್ಲಿ ಇನ್ನೊಂದು ಬಾಗಿಲು ತೆಗೆದರೆ ವ್ಯಾಪಾರ ಅರ್ಧ ಆಗುತ್ತೆ ಅಂತ ಹಿಡಿಯಿರಿ. 45 ಲಕ್ಷಕ್ಕೆ ನಾಲ್ಕೂವರೆ ಲಕ್ಷ, ಖರ್ಚು 4 ಲಕ್ಷ 60 ಸಾವಿರ. ಸೊನ್ನೆ. ಕೆಲಸ ಬಿಟ್ಟ ಮೇಲೆ ಅಂಗಡಿ ಇಡಬಾರದು ಅಂತ ಕೆಲಸಗಾರರಿಂದ ಬರೆಸಿಕೊಂಡರೆ ಅದು ನಮ್ಮ ಕಾಂಟ್ರಾಕ್ಟ್ ಕಾಯ್ದೆಯಲ್ಲಿ ನಿಲ್ಲಲ್ಲ. ಹಾಗಾಗಿ ಅವರನ್ನು ಕಟ್ಟಿಹಾಕೋ ದಾರಿ ಇಲ್ಲ, ಇರೋಹಾಗೆ ನೋಡಿಕೊಳ್ಳೋ ದಾರಿ ಮಾತ್ರ ಇದೆ.

ಇಡೀ ಅಂಗಡಿಯಾ, ಬರೀ ಮಾಲಾ

ಯಾವ ಅಂಗಡಿ ಅನ್ನೋದು ಒಂದು ಪ್ರಶ್ನೆಯಾದರೆ, ಹೇಗೆ ಕೊಳ್ಳೋದು ಅನ್ನೋದು ಇನ್ನೊಂದು. ಸ್ಟಾಕು, ರ್‍ಯಾಕು, ಗೋಡೌನ್ ಬಾಡಿಗೆ ಮಾತ್ರ ತಗೊಳ್ಳಿ, ಗುಡ್‌ವಿಲ್ ಯಾಕೆ ಅಂತ ನನ್ನ ತಮ್ಮ ಹೇಳಿದ. ಅಗ್ಗ ಆಗುತ್ತೆ ನಿಜ. ಆದರೆ ಮಾರಿದವರು ಮತ್ತೆ ಅಂಗಡಿ ಹಾಕದ ಹಾಗೆ ತಡೆಯೋ ಕರಾರು 1872ರ ಕಾಂಟ್ರಾಕ್ಟ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ನಿಲ್ಲೋದು ಗುಡ್‌ವಿಲ್ ಮಾರಿದಾಗ ಮಾತ್ರ, ಅದೂ ಇಂಥ ಊರು, ಇಷ್ಟು ವ್ಯಾಪ್ತಿ ಅಂತ ಬರೆದು, ಆ ವ್ಯಾಪ್ತಿ ನ್ಯಾಯವಾಗಿದ್ದರೆ. ಬರೀ ಮಾಲು ಕೊಂಡರೆ ಅವರೇ ಮುಂದಿನ ತಿಂಗಳು ಎದುರಿಗೇ ಬೋರ್ಡ್ ಹಾಕಬಹುದು. ಗುಡ್‌ವಿಲ್ ಕೊಂಡರೂ ಮಾಲೀಕರ ಜೊತೆಗಿನ ಕರಾರು ಅವರ ಅಳಿಯನಿಗೆ ಹತ್ತಲ್ಲ, ಹಾಗಾಗಿ ವ್ಯಾಪಾರದಲ್ಲಿ ಪಾಲಿರುವ ಮನೆಯವರದ್ದೂ ಮಾರುವವರಾಗಿ ಸಹಿ ಹಾಕಿಸಿಕೊಳ್ಳಿ. ಇಡೀ ಅಂಗಡಿ ಕೊಂಡರೆ ಹಳೇ ಜಿಎಸ್‌ಟಿ ಬಾಕಿ ಮೈಮೇಲೆ ಬರುತ್ತೆ. ವ್ಯಾಪಾರ ವರ್ಗಾವಣೆ ಆದಾಗ ಅಲ್ಲಿವರೆಗಿನ ತೆರಿಗೆಗೆ ಕೊಂಡವರೂ ಹೊಣೆ ಅಂತ ಜಿಎಸ್‌ಟಿ ಕಾಯ್ದೆಯ 85ನೇ ಸೆಕ್ಷನ್ ಹೇಳುತ್ತೆ. ಅದಕ್ಕೆ ಒಂದಿಷ್ಟು ದುಡ್ಡು ಹಿಡಿದಿಟ್ಟುಕೊಂಡು ಆಮೇಲೆ ಕೊಡೋ ಹಾಗೆ ಮಾತಾಡಿಕೊಳ್ಳೋದು ಒಳ್ಳೇದು.

ಲೈಸೆನ್ಸ್ ಅಂತೂ ಯಾವ ದಾರಿಯಲ್ಲೂ ಜೊತೆಗೆ ಬರಲ್ಲ ಅಂತಲೇ ಹೊರಡಿ. ಗೊಬ್ಬರದ ಪರವಾನಗಿ ಆ ಹೆಸರಿಗೆ, ಆ ಜಾಗಕ್ಕೆ. ಮಾಲು ನಮ್ಮಿಂದ ಹೋಗುತ್ತೆ ಅಂತ ಕಂಪನಿ ಬರೆದುಕೊಡೋ ಓ ಫಾರಂ ಕೂಡ ಹೊಸದಾಗಿ ತರಬೇಕು. ಔಷಧಿ ಲೈಸೆನ್ಸಿಗೆ ನಿಯಮದಲ್ಲಿ ಹೇಳಿದ ಓದು ಇರುವವರು ಬೇಕು. ಹೊಸ ಲೈಸೆನ್ಸ್ ಬರೋವರೆಗೆ ಬಾಗಿಲು ಹಾಕಿರಬೇಕಾದರೆ ಅದು ಮೇ, ಜೂನ್ ಆಗಿರಬಾರದು. ಇನ್ನೊಂದು ಪರೀಕ್ಷೆ ಇದೆ, ಅರ್ಧ ಗಂಟೆಯ ಕೆಲಸ: ಸಬ್ಸಿಡಿ ಗೊಬ್ಬರ 2018ರಿಂದ ಆಧಾರ್‌ನಂಥ ಗುರುತು ಹಿಡಿದು ಪಿಒಎಸ್ ಮೆಷಿನಿನಲ್ಲೇ ಮಾರಬೇಕು. ಮೆಷಿನ್ ಎಷ್ಟು ಚೀಲ ಇದೆ ಅನ್ನುತ್ತೆ ನೋಡಿ, ಗೋಡೌನಿಗೆ ಹೋಗಿ ಎಣಿಸಿ. ಎದುರು ಅಂಗಡಿಯಲ್ಲಿ ಸರಿಯಾಗಿ ತಾಳೆ ಆಯಿತು. ಕಳಸದ್ದರಲ್ಲಿ ಮೆಷಿನ್ 212 ಅಂತು, ಗೋಡೌನಲ್ಲಿ 140 ಇತ್ತು. ಕಳ್ಳತನ ಏನಲ್ಲ, ಕರೆಂಟು, ನೆಟ್‌ವರ್ಕ್ ಇಲ್ಲದ ದಿನ ಚೀಟಿಯಲ್ಲಿ ಬರೆದು ಕೊಟ್ಟದ್ದು ಮೆಷಿನಿಗೆ ಹತ್ತಿಸಿಲ್ಲ. ಆದರೆ ತಪಾಸಣೆಗೆ ಬಂದವರು ಆ ಕಥೆ ಕೇಳಲ್ಲ. ಅದು ಸರಿಯಾಗೋವರೆಗೆ ಸ್ಟಾಕಿನ ಮಾತು ಬೇಡ ಅಂದೆ.

ಉದ್ರಿ ಪುಸ್ತಕ ನಾನು ಎರಡು ಕಡೆಯೂ ಕೊಳ್ಳಲ್ಲ. ಏಪ್ರಿಲಲ್ಲಿ ಪುಸ್ತಕ ತೋರಿಸಿದರೆ ಎಲ್ಲರದ್ದೂ ಚೆನ್ನಾಗೇ ಕಾಣುತ್ತೆ, ಹಾಗಾಗಿ ಎರಡು ತಾರೀಖಿನದ್ದು ಕೇಳಿ, ಡಿಸೆಂಬರ್ 31 ಮತ್ತು ಮೇ 1. ಕಾಫಿ ದುಡ್ಡು ಬಂದ ಮೇಲೂ ಮೇ 1ಕ್ಕೆ ನಿಂತಿರೋದು ನಿಜವಾದ ಮುಳುಗುವ ಬಾಕಿ. ಮೂರು ವರ್ಷ ದಾಟಿ, ನಡುವೆ ಗಿರಾಕಿಯ ಸಹಿಯೂ ಇಲ್ಲ, ಒಂದಿಷ್ಟು ಕಟ್ಟಿದ ಗುರುತೂ ಇಲ್ಲ ಅಂದರೆ ಕೋರ್ಟಲ್ಲೂ ಬರಲ್ಲ. ಆದರೆ ಹಳೇ ಮಾಲೀಕರೇ ವಸೂಲಿಗೆ ಮನೆಮನೆ ಹೋಗಿ ಜಗಳ ಮಾಡಿದರೆ ಕೆಟ್ಟ ಹೆಸರು ನನ್ನ ಹೊಸ ಅಂಗಡಿಗೆ. ಅದಕ್ಕೆ ವಸೂಲಿ ನಾನೇ ಮಾಡಿ, ಬಂದಷ್ಟನ್ನು ನೂರಕ್ಕೆ ಐದು ಹಿಡಿದು ಅವರಿಗೆ ಕೊಡ್ತೀನಿ, ಒಂದು ವರ್ಷದವರೆಗೆ.

ಈಗ ಎಲ್ಲಿಗೆ ಬಂತು

ಎದುರು ಅಂಗಡಿಗೆ ಆರು ಲಕ್ಷ ಹೇಳಿದ್ದೇನೆ. ಸಹಿ ದಿನ ಮೂರು, ಒಂದು ವರ್ಷ ಬಿಟ್ಟು ಮೂರು. ಕೊನೆಯ ಮೂರು ಲಕ್ಷ ಅವರ ದೊಡ್ಡ ನಲವತ್ತು ಮನೆಗಳ ಮೇಲೆ. ಹೆಸರು ಸಹಿ ದಿನವೇ ತೆರೆಯೋದು, ಅವರಲ್ಲಿ ಎಷ್ಟು ಮನೆ ವರ್ಷದೊಳಗೆ ನಮ್ಮಲ್ಲಿ ಔಷಧಿ ಕೊಂಡಿದ್ದಾರೋ ಅಷ್ಟು ಪಾಲು. ಅವರು ಬೇಜಾರು ಮಾಡಿಕೊಂಡರು. ಇಪ್ಪತ್ತೆಲ್ಲಿ ಆರೆಲ್ಲಿ. "ನನ್ನ ಮೂವತ್ತು ವರ್ಷ ಆರು ಲಕ್ಷನಾ?" ಅಂದರು. ನಾನು ಆಡಿಟರ್ ಕೊಟ್ಟ ಹಾಳೆ ಮುಂದಿಟ್ಟೆ. ಸ್ವಲ್ಪ ಹೊತ್ತು ನೋಡಿ, "ಇಷ್ಟು ಜನ ನಿಮ್ಮಲ್ಲೂ ಬಾಕಿ ಇಟ್ಟಿದ್ದಾರಾ" ಅಂತ ಕೇಳಿದರು. ಅದು ಅವರಿಗೂ ಗೊತ್ತಿರಲಿಲ್ಲ.

ಕಳಸದ್ದು ನನಗೆ ಜಾಸ್ತಿ ಇಷ್ಟ, ಆದರೆ ಮಾಲೀಕರ ಹತ್ತಿರ ದರ ಮಾತಾಡೋ ಮುಂಚೆ ಅವರ ಒಪ್ಪಿಗೆ ತಗೊಂಡು ಕೌಂಟರಿನವರ ಜೊತೆ ಕೂತೆ. ಸಂಬಳ ಇಷ್ಟು, ಲಾಭದಲ್ಲಿ ನೂರಕ್ಕೆ ಹದಿನೈದು, ಅಂಗಡಿ ಹೆಸರು ಬದಲಾಯಿಸಲ್ಲ, ಮೊದಲ ಒಂದು ಮಳೆಗಾಲ ಉದ್ರಿ ನಿಯಮ ಮುಟ್ಟಲ್ಲ ಅಂದೆ. ಅವರು ಸಂಬಳದ ಮಾತೇ ಎತ್ತಲಿಲ್ಲ. "ಸಾರ್, ಯಾರಿಗೆ ಬಾಕಿ ಬಿಡಬೇಕು ಅನ್ನೋದು ನನಗೆ ಬಿಡಿ. ಮೂಡಿಗೆರೆಯಿಂದ ಫೋನ್ ಮಾಡಿ ನಿಲ್ಲಿಸು ಅನ್ನಬೇಡಿ" ಅಂದರು. ಮನೆಗೆ ಐವತ್ತು ಸಾವಿರದವರೆಗೆ ನಿಮ್ಮ ಮಾತು, ಅದರ ಮೇಲೆ ಹೋದರೆ ನನ್ನನ್ನು ಕೇಳಿ ಅಂತ ನಾನಂದೆ. ಆಯಿತು ಅನ್ನಲೂ ಇಲ್ಲ, ಆಗಲ್ಲ ಅನ್ನಲೂ ಇಲ್ಲ. ಮೊದಲು ಆ 72 ಚೀಲ ಮೆಷಿನಿಗೆ ಸರಿಮಾಡಿಕೊಡ್ತೀನಿ, ಆಮೇಲೆ ಮಾತಾಡೋಣ ಅಂದಿದ್ದಾರೆ.